‘ಹೊಂದಿಕೊಂಡು ಹೋಗ್ರಿ’ ಅನ್ನುವುದು ತೀರ್ಪಲ್ಲ

ಕಾಲೇಜುಗಳಲ್ಲಿ ಪ್ರಾಜೆಕ್ಟ್ ಒಪ್ಪಿಸುವ ತಿಂಗಳು ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹುಡುಗರಿಂದ ನಮಗೆ ಒಂದೇ ನಮೂನೆಯ ಫೋನ್ ಬರುತ್ತದೆ. ‘ಅಣ್ಣಾ, ಗುಂಪಿನಾಗ ನಾ ಒಬ್ಬನ ದುಡದೀನಿ. ಮಾರ್ಕ್ಸ್ ಮಾತ್ರ ಎಲ್ಲಾರಿಗೂ ಒಂದ ಬಿದ್ದಾವು. ಸರ್‌ಗೆ ಹೇಳಿದ್ರ, ಹೊಂದಿಕೊಂಡು ಹೋಗ್ರಿ ಅಂದ್ರು.’

ಸರ್ ಹೇಳಿದ್ದು ತಪ್ಪು ಎಂದು ನಾವು ನೇರವಾಗಿ ಹೇಳುತ್ತೇವೆ. ಆದರೆ ‘ನಾ ಒಬ್ಬನ ದುಡದೀನಿ’ ಅನ್ನುವ ಮಾತೂ ಬಹಳ ಸಲ ತಪ್ಪೇ ಇರುತ್ತದೆ. ಇದನ್ನು ಧೈರ್ಯದಿಂದ ಹೇಳುವುದಕ್ಕೆ ಕಾರಣ, ಒಂದು ಕಾಲಕ್ಕೆ ಆ ಮಾತು ಆಡಿದ ಹುಡುಗ ನಾವೇ.

ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ನಾಲ್ವರ ಗುಂಪಿಗೆ ಎಂಟು ಪುಟದ ಒಂದು ಪ್ರಾಯೋಗಿಕ ಪತ್ರಿಕೆ ತರುವ ಕೆಲಸ ಕೊಟ್ಟಿದ್ದರು. ಐದು ವಾರದ ಅವಧಿ, 50 ಅಂಕ. ಇಂಡಿಯ ಹುಡುಗ ಒಬ್ಬ, ಸಿಂದಗಿಯ ಹುಡುಗಿ ಒಬ್ಬಳು, ಮುದ್ದೇಬಿಹಾಳ ತಾಲ್ಲೂಕಿನವನು ಒಬ್ಬ, ಬಾಗೇವಾಡಿ ಕಡೆಯಿಂದ ನಾವು. ಮೊದಲ ದಿನ ಚಹಾ ಕುಡಿಯುತ್ತ ಮಾಡಿಕೊಂಡ ಒಪ್ಪಂದ ಒಂದೇ ಸಾಲಿನದು: ‘ಎಲ್ಲಾರೂ ಸಮ ದುಡಿಯೋಣು.’

ಆ ಸಾಲೇ ನಮ್ಮನ್ನು ಹಾಳು ಮಾಡಿತು. ಸಮ ಅಂದರೇನು, ಯಾವ ಕೆಲಸ, ಯಾವ ದಿನಕ್ಕೆ, ಆಗದಿದ್ದರೆ ಮುಂದೇನು, ಇದ್ಯಾವುದೂ ಅದರಲ್ಲಿ ಇರಲಿಲ್ಲ. ಕೊನೆಯ ಮೂರು ರಾತ್ರಿ ನಾವು ಕಂಪ್ಯೂಟರ್ ಮುಂದೆ ಕುಳಿತು ನುಡಿಯಲ್ಲಿ ಟೈಪ್ ಮಾಡಿ ಪುಟ ಕಟ್ಟಿದೆವು. ಮುದ್ದೇಬಿಹಾಳದವನು ಎರಡನೇ ವಾರದಿಂದ ಕಾಣಲೇ ಇಲ್ಲ. ಒಪ್ಪಿಸುವ ದಿನ ನಾವು ಸಿಟ್ಟಿನಿಂದ ಸರ್ ಮುಂದೆ ಹೋಗಿ, ‘ಮುಕ್ಕಾಲು ಕೆಲಸ ನಾವೇ ಮಾಡೀವ್ರಿ, ಅಂವ ಏನೂ ಮಾಡಿಲ್ರಿ’ ಅಂದೆವು. ಸರ್ ನಕ್ಕು, ಹೊಂದಿಕೊಂಡು ಹೋಗಲು ಹೇಳಿ, ನಾಲ್ವರಿಗೂ 38 ಹಾಕಿದರು. ಎರಡು ತಿಂಗಳು ನಮ್ಮೊಳಗೆ ಮಾತು ನಿಂತವು.

ಪರೀಕ್ಷೆ ಮುಗಿದ ಮೇಲೆ ಸಿಂದಗಿಯ ಹುಡುಗಿಯೇ ನಾಲ್ವರನ್ನೂ ಕೂಡಿಸಿದಳು. ‘ಬೈದಾಡೋದು ಬ್ಯಾಡ, ಲೆಕ್ಕ ಮಾಡೋಣು’ ಅಂದಳು. ಯಾರು ಮಾಡಿದರು ಅನ್ನುವುದನ್ನು ಬದಿಗಿಟ್ಟು, ಪತ್ರಿಕೆ ತರಲು ಏನೇನು ಕೆಲಸ ಬೇಕಾಯಿತು ಎಂದು ಮೊದಲು ಬರೆದೆವು. ಒಟ್ಟು 100 ಪಾಲು ಎಂದು ಹಿಡಿದು, ಊರೂರಿಗೆ ಹೋಗಿ ಜನರನ್ನು ಮಾತಾಡಿಸಿ ಬರುವುದಕ್ಕೆ 35, ಬರೆಯುವುದಕ್ಕೆ 25, ಟೈಪ್ ಮಾಡಿ ಪುಟ ಕಟ್ಟುವುದಕ್ಕೆ 20, ಫೋಟೊಕ್ಕೆ 10, ಕರಡು ತಿದ್ದಿ ಪ್ರಿಂಟ್ ಹಾಕಿಸುವುದಕ್ಕೆ 10 ಎಂದು ಒಪ್ಪಿಕೊಂಡೆವು. ಆಮೇಲೆ ಹೆಸರು ಹಚ್ಚಿದೆವು.

ನಮ್ಮ ಪಾಲಿಗೆ ಬಂದದ್ದು 35. ಮುಕ್ಕಾಲು ಅಂದುಕೊಂಡಿದ್ದು ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಸಿಂದಗಿಯ ಹುಡುಗಿಗೆ 30. ಸಂಜೆ ಬಸ್ಸಿಗೆ ಊರು ಮುಟ್ಟಬೇಕಾದವಳು, ರಾತ್ರಿ ಕೆಲಸಕ್ಕೆ ಅವಳು ಇರಲಿಲ್ಲ. ಆದರೆ ಹಗಲು ಸಂತೆಯಲ್ಲಿ, ಹೊಲದಲ್ಲಿ ನಿಂತು ನೋಟ್‌ಬುಕ್ ತುಂಬಿಸಿ ತಂದವಳು ಅವಳೇ. ಅವಳ ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನು ಟೈಪ್ ಮಾಡುತ್ತ ಮಾಡುತ್ತ ಅದು ನಮ್ಮದೇ ಬರಹ ಅಂದುಕೊಂಡುಬಿಟ್ಟಿದ್ದೆವು. ಲಿಂಬೆ ಮಾರುಕಟ್ಟೆಯ ಫೋಟೊ ತೆಗೆದು, ಕರಡು ತಿದ್ದಿ, ಪ್ರೆಸ್ಸಿಗೆ ಓಡಾಡಿದ ಇಂಡಿಯ ಹುಡುಗನಿಗೆ 25. ಮೊದಲ ವಾರ ಒಂದಿಷ್ಟು ರೈತರನ್ನು ಮಾತಾಡಿಸಿ ಬಂದಿದ್ದ ಮುದ್ದೇಬಿಹಾಳದವನಿಗೆ 10.

ಅವನು ಯಾಕೆ ಬರಲಿಲ್ಲ ಅನ್ನುವುದೂ ಅವತ್ತೇ ತಿಳಿಯಿತು. ಅದು ತೊಗರಿ ರಾಶಿಯ ಕಾಲ. ಅಪ್ಪ ಹಾಸಿಗೆ ಹಿಡಿದಿದ್ದ, ಆಳು ಸಿಗಲಿಲ್ಲ, ಹೊಲಕ್ಕೆ ಇವನೇ ನಿಂತ. ‘ಮತ್ತ ಯಾಕ ಹೇಳಲಿಲ್ಲೋ?’ ಅಂದರೆ, ‘ನೀವ್ಯಾರೂ ಕೇಳಲಿಲ್ಲಲ್ಲ’ ಅಂದ. ಅವನು ಹೇಳದೆ ಇದ್ದದ್ದು ತಪ್ಪು. ಒಂದು ಫೋನ್ ಮಾಡಿ ಕೇಳದೆ, ಸೋಮಾರಿ ಎಂದು ಸರ್ ಮುಂದೆ ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪು, ಅದು ನಮ್ಮದು.

ಹಾಗಾದರೆ ಸೋಮಾರಿತನವೇ ಇಲ್ಲವೇ? ಇದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಎಂಬವರು ಜನರಿಂದ ಹಗ್ಗ ಎಳೆಸಿ ಬಲ ಅಳೆದು, 1913ರಲ್ಲಿ ಅದನ್ನು ಪ್ರಕಟಿಸಿದರು. ಒಬ್ಬೊಬ್ಬರೇ ಎಳೆದ ಬಲ ಕೂಡಿಸಿ ನೋಡಿದರೆ, ಎಂಟು ಮಂದಿ ಒಟ್ಟಿಗೆ ಎಳೆದಾಗ ಅದರ ಅರ್ಧದಷ್ಟೇ ಬಲ ಬಂದಿತ್ತು. ಎಲ್ಲರ ಜಗ್ಗಾಟ ಒಂದೇ ಕ್ಷಣಕ್ಕೆ ಕೂಡಿಬರದೆ ಇರುವುದು ಒಂದು ಕಾರಣ. ಆದರೆ ಅಮೆರಿಕದಲ್ಲಿ 1979ರ ಹೊತ್ತಿಗೆ ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದ ಸಂಶೋಧಕರಿಗೆ, ಗುಂಪಿನಲ್ಲಿದ್ದಾಗ ಮನುಷ್ಯ ಶ್ರಮವನ್ನೇ ಕಡಿಮೆ ಹಾಕುತ್ತಾನೆ ಎಂಬುದೂ ಕಂಡಿತು. ಮುಂದಿನ ಪ್ರಯೋಗದಲ್ಲಿ ‘ಯಾರ ದನಿ ಎಷ್ಟು ಎಂದು ಬೇರೆ ಬೇರೆ ಅಳೆಯುತ್ತೇವೆ’ ಎಂದು ತಿಳಿಸಿದಾಗ ಆ ಕಳ್ಳಾಟ ನಿಂತಿತು. ಅಂದರೆ ಮೈಗಳ್ಳತನಕ್ಕೆ ಮದ್ದು ಬೈಗುಳವಲ್ಲ. ಯಾರ ಕೆಲಸ ಯಾವುದು ಎಂದು ಕಾಣುವಂತಿರುವುದೇ ಮದ್ದು.

‘ಗೆಳೆಯರೊಳಗೆ ಏನ್ ಲೆಕ್ಕಾರೀ’ ಎಂದು ಕೆಲವರು ಮೂಗು ಮುರಿಯುತ್ತಾರೆ. ಅವರು ನಮ್ಮ ಹೊಲಗಳನ್ನು ನೋಡಲಿ. ಮುಯ್ಯಾಳಿಗೆ ಹೋದವರು ದಿನದ ಲೆಕ್ಕ ಇಡುತ್ತಾರೆ. ಇಂದು ನಿಮ್ಮ ಹೊಲಕ್ಕೆ ಎರಡು ಆಳು ಬಂದರೆ, ನಾಳೆ ನಮ್ಮ ಹೊಲಕ್ಕೂ ಎರಡೇ. ಆ ಲೆಕ್ಕದಿಂದ ನೆರೆಹೊರೆ ಕೆಟ್ಟಿಲ್ಲ. ಲೆಕ್ಕ ತಪ್ಪಿದಾಗಲೇ ಕೆಟ್ಟಿದೆ.

ಆದ್ದರಿಂದ ಮೊದಲ ದಿನವೇ ಒಂದು ಹಾಳೆ ಬರೆಯಿರಿ. ‘ಸಹಕಾರ ಕೊಡುತ್ತೇವೆ’ ಎಂಬ ಭಾಷಣ ಬೇಡ. ಕೆಲಸದ ಪಟ್ಟಿ, ಪ್ರತಿ ಕೆಲಸದ ಪಾಲು, ಮಾಡುವವರ ಹೆಸರು, ಮುಗಿಯುವ ದಿನ, ಅವರಿಗೆ ಆಗದಿದ್ದರೆ ಕೈಗೆತ್ತಿಕೊಳ್ಳುವ ಎರಡನೆಯವರ ಹೆಸರು. ಪಾಲನ್ನು ಕೆಲಸ ಶುರುವಾಗುವ ಮೊದಲೇ ನಿಗದಿ ಮಾಡಬೇಕು. ಕೊನೆಗೆ ಮಾಡಿದರೆ ಲ್ಯಾಪ್‌ಟಾಪ್ ಇದ್ದವನು ಟೈಪಿಂಗಿಗೇ ಅರ್ಧ ಪಾಲು ಕೇಳುತ್ತಾನೆ, ಬಿಸಿಲಲ್ಲಿ ತಿರುಗಿದವಳ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ.

‘ಮುಗಿಯಿತು’ ಅಂದರೆ ಏನು ಎಂಬುದನ್ನೂ ಬರೆಯಿರಿ. ಒಂದು ಸಂದರ್ಶನ ಮುಗಿಯಿತು ಅಂದರೆ ಹೆಸರು, ಊರು, ತಾರೀಖು, ಕನಿಷ್ಠ ಒಂದು ಪುಟ ಟಿಪ್ಪಣಿ. ಇಷ್ಟು ಕೈಯಲ್ಲಿ ಇದ್ದರೆ ಪಾಲು ಅವರದು, ಇಲ್ಲದಿದ್ದರೆ ಇಲ್ಲ. ಪಾಲು ಕೆಲಸಕ್ಕೆ ಬೀಳಬೇಕು, ಮನುಷ್ಯನಿಗಲ್ಲ. ‘ಗೆಳೆಯರಿಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ’ ಎಂದು ಚೀಟಿ ಬರೆಸುವ ಪದ್ಧತಿ ಕೆಲವು ಕಡೆ ಇದೆ. ಅದರಲ್ಲಿ ಮೂವರು ಒಂದಾಗಿ ಒಬ್ಬರನ್ನು ತುಳಿಯಬಹುದು. ಜಾತಿ, ಓಣಿ, ಹುಡುಗಿ ಎಂಬ ತಾತ್ಸಾರ ಎಲ್ಲವೂ ಆ ಚೀಟಿಯೊಳಗೆ ನುಸುಳುತ್ತವೆ. ನೋಟ್‌ಬುಕ್ಕಿನ ಪುಟಕ್ಕೆ ಜಾತಿ ಇಲ್ಲ.

ಇನ್ನು ಜಗಳದ ಮಾತು. ಕೆಲಸ ತಪ್ಪಿದ ಮರುದಿನವೇ ಒಬ್ಬರು, ಒಬ್ಬರೇ, ಫೋನ್ ಮಾಡಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರ ಮುಂದೆ ಕೇಳಬಾರದು, ಅಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ, ಮುನಿಸು ಬರುತ್ತದೆ. ಕೇಳಬೇಕಾದದ್ದು ಮೂರೇ: ಏನಾಯ್ತು, ಈಗ ಏನು ಆಗ್ತದ, ಯಾವಾಗ ಕೊಡ್ತಿ. ಆಗದವನಿಗೂ ಮಾಡದವನಿಗೂ ಇರುವ ಫರಕು ಇಲ್ಲೇ ತಿಳಿಯುತ್ತದೆ. ಆಗದವನು ಬೇರೆ ಕೆಲಸ ಕೇಳುತ್ತಾನೆ. ನಮ್ಮ ಗೆಳೆಯನನ್ನು ಕೇಳಿದ್ದರೆ, ರಾಶಿಯ ಕಣದಲ್ಲಿ ನಿಂತೇ ತೊಗರಿ ಬೆಳೆಗಾರರ ಒಂದು ಪುಟ ತಂದುಕೊಡುತ್ತಿದ್ದ. ಮಾಡದವನು ಬರೀ ‘ನಾಳೆ’ ಅನ್ನುತ್ತಾನೆ.

ಎರಡನೇ ಸಲ ತಪ್ಪಿದರೆ ಎಲ್ಲರೂ ಎದುರಾಬದುರು ಕುಳಿತು, ಹೊಸ ದಿನ ಬರೆದು ಸಹಿ ಹಾಕಿ. ಕುಳಿತುಕೊಳ್ಳುವುದು ಮಧ್ಯಾಹ್ನ ಇರಲಿ, ಬಸ್ಸಿಗೆ ಹೋಗುವವರೂ ಇರುವಂತೆ. ಮೂರನೇ ಸಲಕ್ಕೆ ಕೆಲಸವನ್ನೂ ಪಾಲನ್ನೂ ಎರಡನೆಯವರಿಗೆ ದಾಟಿಸಿ, ಮಾಸ್ತರರಿಗೆ ಬರೆದು ಕೊಡಿ. ಆ ಪತ್ರವನ್ನು ಅವನಿಗೂ ಮೊದಲು ಓದಿಸಿ. ಇದೆಲ್ಲ ಒಪ್ಪಿಸುವ ದಿನಕ್ಕೆ ಒಂದು ವಾರ ಮುಂಚೆ ಆಗಬೇಕು. ನಮ್ಮ ಹಾಗೆ ಕೊನೆಯ ದಿನ ಹೋದರೆ ಅದು ದೂರಲ್ಲ, ಚಾಡಿ. ಯಾರಿಗೂ ಹೇಳದೆ ಅವನ ಕೆಲಸವನ್ನು ರಾತ್ರಿ ಕುಳಿತು ನೀವೇ ಮಾಡಿಬಿಟ್ಟರೆ, ತಪ್ಪಿದ್ದಕ್ಕೆ ಗುರುತೇ ಉಳಿಯುವುದಿಲ್ಲ.

ನಮ್ಮ ಜಿಲ್ಲೆಯ ಶಿವಣಗಿಯ ನುಲಿಯ ಚಂದಯ್ಯನ ಕತೆ ಹಿರಿಯರಿಗೆ ಗೊತ್ತು. ಹುಲ್ಲು ಕೊಯ್ಯುವಾಗ ಜಾರಿಬಿದ್ದ ಲಿಂಗವನ್ನು ಅವನು ಎತ್ತಿಕೊಳ್ಳಲಿಲ್ಲ. ಮಡಿವಾಳ ಮಾಚಯ್ಯ ನಡುವೆ ನಿಂತು ರಾಜಿ ಮಾಡಿಸಿದ ಮೇಲೂ, ಹಗ್ಗ ಮಾರಿ ಬರುವ ಕೆಲಸ ಮಾಡಬೇಕೆಂಬ ಷರತ್ತಿನ ಮೇಲೆಯೇ ಲಿಂಗವನ್ನು ಒಳಗೆ ಕರೆದುಕೊಂಡನಂತೆ. ರಾಜಿ ಅಂದರೆ ಇದು. ಹೊರಗೆ ಹಾಕುವುದೂ ಅಲ್ಲ, ಸುಮ್ಮನೆ ಬಿಡುವುದೂ ಅಲ್ಲ, ಕೈಗೆ ಒಂದು ಕೆಲಸ ಕೊಟ್ಟು ಕೂಡಿಸಿಕೊಳ್ಳುವುದು.

ಕೊನೆಗೆ ಮಾಸ್ತರರಿಗೆ ಒಂದು ಮಾತು. ಸಮ ಅಂಕ ಹಾಕುವುದು ಸುಲಭ, ಆದರೆ ನ್ಯಾಯ ಮಾಡುವುದೂ ಕಷ್ಟವಲ್ಲ. ನಮ್ಮ 38ನ್ನೇ ತೆಗೆದುಕೊಳ್ಳಿ. ಅದರಲ್ಲಿ ಅರ್ಧ, ಅಂದರೆ 19, ಒಟ್ಟಿಗೆ ತಂದ ಪತ್ರಿಕೆಗಾಗಿ ಎಲ್ಲರಿಗೂ ಇರಲಿ. ಉಳಿದ 19ನ್ನು ಪಾಲಿನ ಪ್ರಕಾರ ಹಂಚಿ. ನಾಲ್ವರಲ್ಲಿ ಸರಾಸರಿ ಪಾಲು 25. ಇಷ್ಟು ಪಾಲು ದುಡಿದ ಇಂಡಿಯ ಹುಡುಗನಿಗೆ ಪೂರ್ತಿ 19 ಸೇರಿ 38 ಉಳಿಯುತ್ತದೆ. ನಮ್ಮದು 35, ಸರಾಸರಿಯ 1.4 ಪಟ್ಟು. 19ಕ್ಕೆ ಅದನ್ನು ಗುಣಿಸಿದರೆ 26.6, ಒಟ್ಟು 45.6. ಸಿಂದಗಿಯ ಹುಡುಗಿಗೆ 41.8. ಮುದ್ದೇಬಿಹಾಳದವನಿಗೆ 26.6, ಪಾಸಾಗುತ್ತಾನೆ, ಆದರೆ ಉಳಿದವರ ಸಮ ಅಲ್ಲ. ನಾಲ್ಕನ್ನೂ ಕೂಡಿಸಿದರೆ 152, ಅಂದರೆ ನಾಲ್ಕು ಸಲ 38. ನಿಮ್ಮ ಕೈಯಿಂದ ಒಂದು ಅಂಕವೂ ಹೆಚ್ಚು ಹೋಗಿಲ್ಲ.

ಇದಕ್ಕೆ ನೀವು ಮಾಡಬೇಕಾದದ್ದು ಎರಡೇ. ಮೊದಲ ವಾರ ಆ ಹಾಳೆಗೆ ಸಹಿ ಹಾಕುವುದು, ನಡುವೆ ಒಂದು ಸಲ ಅದನ್ನು ತರಿಸಿ ನೋಡುವುದು. ಇಷ್ಟನ್ನೂ ಮಾಡದೆ ಕೊನೆಯ ದಿನ ‘ಹೊಂದಿಕೊಂಡು ಹೋಗ್ರಿ’ ಅಂದರೆ, ಆ ಗುಂಪಿನಲ್ಲಿ ತನ್ನ ಪಾಲಿನ ಕೆಲಸ ಮಾಡದ ಇನ್ನೊಬ್ಬರು ನೀವೇ.