ಅಬು ಹಲೀಫಾದಿಂದ: ಒಂದು ಹಲ್ಲುನೋವು, 1,060 ದಿನಾರಿನ ಪಟ್ಟಿ

ಹೋದ ವಾರ ನೈಟ್ ಡ್ಯೂಟಿ, ಬರೀಲಿಕ್ಕೆ ಆಗ್ಲಿಲ್ಲ.

ನನ್ನ ರೂಮ್‌ಮೇಟ್ ಹಲ್ಲುನೋವು ಅಂತ ಇಲ್ಲಿನ ಒಂದು ಕ್ಲಿನಿಕ್‌ಗೆ ಹೋದವಳು 1,060 ದಿನಾರಿನ ಎಸ್ಟಿಮೇಟ್ ಹಿಡ್ಕೊಂಡು ಅಳ್ತಾ ಬಂದಳು. ಇಬ್ಬರೂ ಕೂತು ಒಂದೊಂದೇ ಸಾಲು ಓದಿದೆವು.

ಮೊದಲು ಹಲ್ಲಿನ ನಂಬರ್. 36 ಅಂದ್ರೆ ಮೂವತ್ತಾರನೇ ಹಲ್ಲಲ್ಲ. ಮೊದಲ ಅಂಕಿ ಬಾಯಿಯ ಭಾಗ: 1 ಮೇಲೆ ಬಲ, 2 ಮೇಲೆ ಎಡ, 3 ಕೆಳಗೆ ಎಡ, 4 ಕೆಳಗೆ ಬಲ. ಎರಡನೇ ಅಂಕಿ ನಡುವಿನಿಂದ ಎಷ್ಟನೇ ಹಲ್ಲು ಅಂತ. ಅವಳ ನೋವು 36ರಲ್ಲೇ, ಕೆಳಗೆ ಎಡಗಡೆ ಆರನೇ ಹಲ್ಲು, ದವಡೆಹಲ್ಲು.

ಬಿಸಿ ಚಹಾ ಕುಡಿದು ಎಷ್ಟೋ ಹೊತ್ತಾದರೂ ನೋವು ನಿಲ್ತಿರಲಿಲ್ಲ, ರಾತ್ರಿ ನಿದ್ದೆಯಿಂದ ಎಬ್ಬಿಸ್ತಿತ್ತು. ಎಕ್ಸ್‌ರೇಯಲ್ಲಿ ಹುಳುಕು ನರದವರೆಗೆ ಇಳಿದಿತ್ತು. ಹಾಗಾಗಿ ರೂಟ್ ಕೆನಾಲ್ 80 ದಿನಾರು ಬೇಕೇ ಬೇಕು. ಒಳಗೆ ಕಟ್ಟುವ ಫಿಲ್ಲಿಂಗ್‌ಗೆ 30, ಕ್ಯಾಪ್‌ಗೆ 120. ಕ್ಯಾಪ್ ಶೋಕಿ ಅಂದ್ಕೋಬೇಡಿ. ಗೋಡೆ ತೆಳುವಾದ ದವಡೆಹಲ್ಲು ಕ್ಯಾಪ್ ಇಲ್ಲದಿದ್ರೆ ಒಂದು ದಿನ ಚಕ್ಕುಲಿ ಕಚ್ಚುವಾಗ ಸೀಳಿ ಹೋಗ್ತದೆ, ಆಮೇಲೆ ಕೀಳುವುದೇ ದಾರಿ. ಒಸಡಲ್ಲಿ ರಕ್ತ ಬರ್ತಿತ್ತು, ಹಲ್ಲಿನ ಹಿಂದೆ ಗಟ್ಟಿ ಪಾಚಿ. ಅದಕ್ಕೆ ಕ್ಲೀನಿಂಗ್ 20, ಅದೂ ಬೇಕು.

ಎರಡು ಫಿಲ್ಲಿಂಗ್‌ಗೆ 50 ಹಾಕಿದ್ದರು. 46ರಲ್ಲಿ ನಿಜವಾಗಿ ತೂತಿತ್ತು, 25 ಕೊಡಬೇಕು. 47ರಲ್ಲಿ ಇದ್ದದ್ದು ಗೆರೆಯಲ್ಲಿ ಕಪ್ಪು ಕಲೆ ಮಾತ್ರ. ಎರಡನೇ ಭೇಟಿಯಲ್ಲಿ ಕೇಳಿದಾಗ ಡಾಕ್ಟರೇ, "ಎಕ್ಸ್‌ರೇಯಲ್ಲಿ ಏನೂ ಇಲ್ಲ, ಆರು ತಿಂಗಳು ಬಿಟ್ಟು ನೋಡಬಹುದು" ಅಂದರು.

ಅಲ್ಲಿಗೆ ಬೇಕಾದ್ದು 275. ಉಳಿದದ್ದು ಏನು? ಹಲ್ಲು ಬಿಳಿ ಮಾಡಲಿಕ್ಕೆ 100, ಮುಂದಿನ ಆರು ಹಲ್ಲಿಗೆ ವೆನೀರ್ 660. ಅವಳ ಮುಂದಿನ ಹಲ್ಲುಗಳಿಗೆ ಯಾವ ರೋಗವೂ ಇಲ್ಲ.

ಚಂದ ಕಾಣಬೇಕು ಅನ್ನೋದು ತಪ್ಪು ಅಂತ ನಾನು ಹೇಳೋದಿಲ್ಲ. ಆದರೆ ನೋವಲ್ಲಿ ಬಂದವಳಿಗೆ ಅದನ್ನೂ ಇದನ್ನೂ ಒಂದೇ ಮೊತ್ತಕ್ಕೆ ಕೂಡಿಸಿ, "ಇವತ್ತೇ ಒಪ್ಪಿದ್ರೆ ಡಿಸ್ಕೌಂಟ್" ಅನ್ನೋದು ಸರಿಯಲ್ಲ. ಎರಡಕ್ಕೂ ಬೇರೆ ಬೇರೆ ಹಾಳೆ ಇರಬೇಕು. ವೆನೀರ್‌ಗೆ ಸಾಮಾನ್ಯವಾಗಿ ಹಲ್ಲಿನ ಎನಾಮಲ್ ತುಸು ಉಜ್ಜಿ ತೆಗೀತಾರೆ, ಅದು ಮತ್ತೆ ಬೆಳೆಯೋದಿಲ್ಲ. ಅಂಥದ್ದನ್ನು ನೋವಿನ ದಿನ ನಿರ್ಧರಿಸಬಾರದು.

ನೀವು ಮಂಗಳೂರಲ್ಲಿ ತೋರಿಸಿ, ಉಡುಪಿಯಲ್ಲಿ ತೋರಿಸಿ, ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: "ಡಾಕ್ಟ್ರೇ, ಇದನ್ನು ಆರು ತಿಂಗಳು ಮಾಡಿಸದಿದ್ರೆ ಏನಾಗ್ತದೆ?" ಹಲ್ಲು ಹೋಗ್ತದೆ ಅಂದರೆ ಎಕ್ಸ್‌ರೇಯಲ್ಲಿ ತೋರಿಸಲಿ. ಏನೂ ಆಗೋದಿಲ್ಲ ಅಂದರೆ ಮನೆಗೆ ಬಂದು ಯೋಚನೆ ಮಾಡಿ.

ಒಂದೇ ಮಾತು, ಬಿಳಿ ಮಾಡಿಸುವ ಆಸೆ ಇದ್ದರೆ ಕ್ಯಾಪ್‌ಗಿಂತ ಮೊದಲೇ ಹೇಳಿ. ಕ್ಯಾಪಿನ ಬಣ್ಣ ಆಮೇಲೆ ಬದಲಾಗೋದಿಲ್ಲ.

ಅವಳು 275 ಕೊಟ್ಟು ಮುಗಿಸಿದಳು. ನಿನ್ನೆ ಎಡಗಡೆಯಿಂದಲೇ ಕೋಡುಬಳೆ ಕಚ್ತಿದ್ದಳು.