ಪೋರ್ಟ್ ತೆರೆದರೂ ಗೆಳೆಯರು ಗೇಮ್‌ಗೆ ಬರಲಾಗುತ್ತಿಲ್ಲವೇ? ತಪ್ಪು ನಿಮ್ಮ ರೂಟರಿನದು ಆಗಿರಲಿಕ್ಕಿಲ್ಲ

"ನಿಮ್ಮ ಮೈನ್‌ಕ್ರಾಫ್ಟ್ ಸರ್ವರ್‌ಗೆ ಗೆಳೆಯರು ಸೇರಲು ಆಗುತ್ತಿಲ್ಲವೇ? ರೂಟರ್‌ನಲ್ಲಿ 25565 ಪೋರ್ಟ್ ತೆರೆಯಿರಿ, ಡಿಎನ್‌ಎಸ್ ಬದಲಿಸಿ, ಫೈರ್‌ವಾಲ್ ಆಫ್ ಮಾಡಿ. ನೂರಕ್ಕೆ ನೂರು ಕೆಲಸ ಮಾಡುತ್ತದೆ!" ಗೇಮ್ ಆಡುವ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಲಹೆಗಳು ಓಡಾಡುತ್ತಿರುತ್ತವೆ. ಇದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಸತ್ಯವನ್ನು ನಂಬಿ ಕೆಲವರು ಹೊಸ ರೂಟರ್ ಕೊಳ್ಳುತ್ತಾರೆ, ಕೆಲವರು ಕಂಪ್ಯೂಟರಿನ ರಕ್ಷಣೆಯನ್ನೇ ತೆಗೆದುಹಾಕುತ್ತಾರೆ. ಗೇಮ್ ಮಾತ್ರ ಕೂಡುವುದಿಲ್ಲ. ಏಕೆ ಎಂದು ನೋಡೋಣ.

ಒಂದು ಉದಾಹರಣೆ

ಹಾವೇರಿ ಜಿಲ್ಲೆಯ ಹಿರೇಬೆಂಡಿಗೇರಿಯಲ್ಲಿ ಒಬ್ಬ ಹುಡುಗ ತನ್ನ ಲ್ಯಾಪ್‌ಟಾಪ್‌ನಲ್ಲಿ ಮೈನ್‌ಕ್ರಾಫ್ಟ್ ಜಾವಾ ಸರ್ವರ್ ಶುರು ಮಾಡಿದ್ದಾನೆ ಎಂದುಕೊಳ್ಳಿ. ಮನೆಗೆ ಕೇಬಲ್ ಇಂಟರ್ನೆಟ್ ಇದೆ. ತಮ್ಮ ಅದೇ ಮನೆಯ ವೈಫೈನಲ್ಲಿ ಇನ್ನೊಂದು ಲ್ಯಾಪ್‌ಟಾಪ್‌ನಿಂದ ಸೇರಿಕೊಂಡು ಆರಾಮಾಗಿ ಆಡುತ್ತಾನೆ. ಆದರೆ ಹುಬ್ಬಳ್ಳಿಯ ಹಾಸ್ಟೆಲ್‌ನಲ್ಲಿರುವ ಗೆಳೆಯನಿಗೆ ಸ್ವಲ್ಪ ಹೊತ್ತು ಕಾದ ಮೇಲೆ `Connection timed out` ಎಂದಷ್ಟೇ ಬರುತ್ತದೆ. ರೂಟರ್‌ನಲ್ಲಿ ಪೋರ್ಟ್ ತೆರೆದದ್ದೂ ಆಯಿತು, ಎರಡು ಸಲ ಪರೀಕ್ಷಿಸಿದ್ದೂ ಆಯಿತು.

ತಮ್ಮ ಸೇರಿಕೊಂಡಿದ್ದಾನೆ ಎಂದರೆ ಸರ್ವರ್ ಸರಿಯಾಗಿದೆ. ಅಂದರೆ ತೊಂದರೆ ಇರುವುದು ಮನೆಗೆ ಹೊರಗಿನಿಂದ ಬರುವ ದಾರಿಯಲ್ಲಿ.

ಎಲ್ಲರಿಗೂ ಒಂದೇ ವಿಳಾಸ

ಮೊಬೈಲ್ ಬರುವ ಮೊದಲು ಊರಿನಲ್ಲಿದ್ದ ಎಸ್‌ಟಿಡಿ ಬೂತ್ ನೆನಪಿಸಿಕೊಳ್ಳಿ. ಯಾರು ಬೇಕಾದರೂ ಹೋಗಿ ಹುಬ್ಬಳ್ಳಿಗೆ ಫೋನ್ ಹಚ್ಚಬಹುದಿತ್ತು. ಆದರೆ ಹುಬ್ಬಳ್ಳಿಯವರು ಅದೇ ನಂಬರಿಗೆ ತಿರುಗಿ ಫೋನ್ ಮಾಡಿದರೆ ರಿಂಗ್ ಆಗುತ್ತಿದ್ದುದು ಬೂತ್‌ನಲ್ಲಿ, ನಿಮ್ಮ ಮನೆಯಲ್ಲಲ್ಲ. ಹೋಗಿ ಕರೆದುಕೊಂಡು ಬರುವವರು ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಇಂದು ಮೊಬೈಲ್ ಡೇಟಾ ಕೊಡುವ ಕಂಪನಿಗಳು ಮತ್ತು ಅನೇಕ ಕೇಬಲ್ ಇಂಟರ್ನೆಟ್ ಕಂಪನಿಗಳು ಹೀಗೆಯೇ ನೂರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ಈ ವ್ಯವಸ್ಥೆಗೆ ಸಿಜಿ-ನ್ಯಾಟ್ ಎನ್ನುತ್ತಾರೆ. ನೀವು ಒಂದು ಜಾಲತಾಣ ತೆರೆದಾಗ ಕಂಪನಿಯ ಯಂತ್ರ "ಈ ಬೇಡಿಕೆ ಇಂಥ ಮನೆಯದು" ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಉತ್ತರ ಬಂದಾಗ ಪಟ್ಟಿ ನೋಡಿ ನಿಮಗೆ ತಲುಪಿಸುತ್ತದೆ. ಹುಬ್ಬಳ್ಳಿಯ ಗೆಳೆಯ ತಾನಾಗಿ ಬಾಗಿಲು ಬಡಿದಾಗ ಪಟ್ಟಿಯಲ್ಲಿ ಅದಕ್ಕೆ ಸಾಲೇ ಇರುವುದಿಲ್ಲ. ಯಾರ ಮನೆಗೆ ಕಳಿಸಬೇಕು ಎಂದು ಗೊತ್ತಿಲ್ಲದ ಯಂತ್ರ ಅದನ್ನು ಅಲ್ಲೇ ಬಿಟ್ಟುಬಿಡುತ್ತದೆ. ನೀವು ಮನೆಯ ರೂಟರ್‌ನಲ್ಲಿ ತೆರೆದ ಪೋರ್ಟ್‌ವರೆಗೆ ಆ ಬೇಡಿಕೆ ಬರುವುದೇ ಇಲ್ಲ.

ಹಾಗಾದರೆ ಬಿಜಿಎಂಐ, ಲೂಡೋ ಮುಂತಾದವು ಹೇಗೆ ನಡೆಯುತ್ತವೆ? ಅಲ್ಲಿ ಆಟಗಾರರೆಲ್ಲರೂ ಹೊರಗೆ ಹೋಗಿ ಕಂಪನಿಯ ಸರ್ವರ್‌ನಲ್ಲಿ ಸೇರುತ್ತಾರೆ. ಯಾರೂ ಯಾರ ಮನೆಗೂ ಬರಬೇಕಾಗಿಲ್ಲ.

ಕಂಪನಿಗಳು ಹೀಗೇಕೆ ಮಾಡುತ್ತವೆ?

ಹಳೆಯ ಪದ್ಧತಿಯ, ಅಂದರೆ ಐಪಿವಿ4 ವಿಳಾಸಗಳು ಒಟ್ಟು ಇರುವುದೇ ಸುಮಾರು 429 ಕೋಟಿ. ಜಗತ್ತಿನ ಜನಸಂಖ್ಯೆಗಿಂತ ಕಡಿಮೆ. ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆಯ ಸಾಮಾನ್ಯ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಮುಗಿಯಿತು. ಆಮೇಲೆ ಉಳಿದದ್ದನ್ನು ಚಿಟಿಕೆ ಚಿಟಿಕೆಯಾಗಿ ಹಂಚಲಾಯಿತು. ಭಾರತದಲ್ಲಿ ಕೋಟಿಗಟ್ಟಲೆ ಜನ ಸ್ಮಾರ್ಟ್‌ಫೋನ್ ಹಿಡಿದದ್ದು ಅದರ ನಂತರ. ಒಬ್ಬೊಬ್ಬರಿಗೆ ಒಂದೊಂದು ಕೊಡಲು ವಿಳಾಸಗಳೇ ಇರಲಿಲ್ಲ.

ನಿಮ್ಮದೂ ಹೀಗೆಯೇ ಇದೆಯೇ? ಐದು ನಿಮಿಷದ ಪರೀಕ್ಷೆ

ಮೊದಲು ರೂಟರ್‌ನ ಸೆಟ್ಟಿಂಗ್ ಪುಟ ತೆರೆದು `WAN IP` ಎಂಬಲ್ಲಿರುವ ಸಂಖ್ಯೆ ಬರೆದುಕೊಳ್ಳಿ. ನಂತರ ಅದೇ ವೈಫೈನಲ್ಲಿ ಬ್ರೌಸರ್ ತೆರೆದು `what is my ip` ಎಂದು ಹುಡುಕಿ, ಅಲ್ಲಿ ತೋರಿಸುವ ಐಪಿವಿ4 ಸಂಖ್ಯೆ ಬರೆದುಕೊಳ್ಳಿ. ಈ ಹೊತ್ತಿನಲ್ಲಿ ವಿಪಿಎನ್ ಆಫ್ ಇರಲಿ.

ನಮ್ಮ ಉದಾಹರಣೆಯ ಹುಡುಗನ ರೂಟರ್‌ನಲ್ಲಿ `100.72.15.9` ಎಂದೂ ಬ್ರೌಸರ್‌ನಲ್ಲಿ `203.0.113.40` ಎಂದೂ ಬಂತು ಎನ್ನೋಣ. ಎರಡೂ ಬೇರೆ ಬೇರೆ. ಅಂದರೆ ನಡುವೆ ಇನ್ನೊಂದು ಯಂತ್ರ ಇದೆ. `100.64` ರಿಂದ `100.127` ರವರೆಗಿನ ಸಂಖ್ಯೆಗಳನ್ನು 2012ರಲ್ಲಿ ಇದೇ ಕೆಲಸಕ್ಕಾಗಿ ಮೀಸಲಿಡಲಾಗಿದೆ. ಆದ್ದರಿಂದ `WAN IP` ಹೀಗೆ ಶುರುವಾದರೆ ಅದು ಸಿಜಿ-ನ್ಯಾಟ್ ಎಂದು ಹೇಳಬಹುದು. ಕೆಲವು ಕಂಪನಿಗಳು `10` ರಿಂದ ಶುರುವಾಗುವ ಸಂಖ್ಯೆಯನ್ನೂ ಕೊಡುತ್ತವೆ.

`WAN IP` ಎಂಬಲ್ಲಿ `192.168` ಎಂದು ಬಂದರೆ ಗಡಿಬಿಡಿ ಬೇಡ. ಬಹುಶಃ ಮನೆಯಲ್ಲೇ ಎರಡು ರೂಟರ್‌ಗಳು ಒಂದರ ಹಿಂದೆ ಒಂದು ಇವೆ. ಆಗ ಕೇಬಲ್ ಬಂದು ಸೇರುವ ಮೊದಲ ಪೆಟ್ಟಿಗೆಯಲ್ಲಿ ಇದೇ ಪರೀಕ್ಷೆ ಮಾಡಿ. ಎರಡೂ ಸಂಖ್ಯೆ ಒಂದೇ ಆಗಿದ್ದರೆ ಮಾತ್ರ ಪೋರ್ಟ್ ತೆರೆಯುವ ಸಲಹೆ ನಿಮಗೆ ಉಪಯೋಗಕ್ಕೆ ಬರುತ್ತದೆ.

ಮೊಬೈಲ್ ಹಾಟ್‌ಸ್ಪಾಟ್‌ನಿಂದ ಸರ್ವರ್ ನಡೆಸುತ್ತಿದ್ದರೆ ಈ ಪರೀಕ್ಷೆಯ ಅಗತ್ಯವೇ ಬಹುತೇಕ ಇಲ್ಲ. ಮೊಬೈಲ್ ಡೇಟಾದಲ್ಲಿ ಹಂಚಿದ ವಿಳಾಸವೇ ಸಾಮಾನ್ಯ. ಮೇಲಾಗಿ ಪೋರ್ಟ್ ತೆರೆಯುವ ಸೌಲಭ್ಯ ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಯಾವುದು ಕೆಲಸ ಮಾಡುವುದಿಲ್ಲ, ಯಾವುದು ಮಾಡುತ್ತದೆ

ಡಿಎನ್‌ಎಸ್ ಬದಲಿಸುವುದು, ಎಪಿಎನ್ ಸೆಟ್ಟಿಂಗ್ ತಿದ್ದುವುದು, ಹೊಸ ರೂಟರ್ ತರುವುದು, ಇವು ಯಾವುವೂ ಕಂಪನಿಯ ಯಂತ್ರದ ಪಟ್ಟಿಯನ್ನು ಮುಟ್ಟುವುದಿಲ್ಲ. ಉಚಿತ ವಿಪಿಎನ್ ಹಾಕಿದರೆ ಸಾಮಾನ್ಯವಾಗಿ ಒಂದು ಹಂಚಿದ ವಿಳಾಸದಿಂದ ಇನ್ನೊಂದು ಹಂಚಿದ ವಿಳಾಸಕ್ಕೆ ಹೋಗಿರುತ್ತೀರಿ, ಅಷ್ಟೇ. ಫೈರ್‌ವಾಲ್ ಆಫ್ ಮಾಡಿದರೆ ಲಾಭ ಸೊನ್ನೆ. ಮುಂದೆ ಅದೇ ಲ್ಯಾಪ್‌ಟಾಪ್ ಅನ್ನು ಕಾಲೇಜಿನ ಅಥವಾ ಬಸ್ ನಿಲ್ದಾಣದ ವೈಫೈಗೆ ಸೇರಿಸಿದಾಗ ಅಪಾಯ ಮಾತ್ರ ಉಳಿದಿರುತ್ತದೆ. ಮೊದಲೇ ಆಫ್ ಮಾಡಿದ್ದರೆ ಇಂದೇ ಮತ್ತೆ ಆನ್ ಮಾಡಿ.

ಕೆಲಸ ಮಾಡುವ ದಾರಿಗಳು ಮೂರು. ಒಂದು, ಕೇಬಲ್ ಇಂಟರ್ನೆಟ್ ಕಂಪನಿಯವರನ್ನು "ನನಗೆ ಪಬ್ಲಿಕ್ ಐಪಿ ಸಿಗುತ್ತದೆಯೇ, ತಿಂಗಳಿಗೆ ಎಷ್ಟು?" ಎಂದು ನೇರವಾಗಿ ಕೇಳುವುದು. ಅನೇಕರು ಇದಕ್ಕೆ ಬೇರೆ ಶುಲ್ಕ ಪಡೆಯುತ್ತಾರೆ. ಅದು ಸಿಕ್ಕ ಮೇಲೆ ರೂಟರ್‌ನಲ್ಲಿ ಪೋರ್ಟ್ ತೆರೆಯಬೇಕು. ಎರಡು, ಟೇಲ್‌ಸ್ಕೇಲ್ ಅಥವಾ ಝೀರೋಟಿಯರ್‌ನಂಥ ಸಾಫ್ಟ್‌ವೇರ್ ಅನ್ನು ಎಲ್ಲ ಗೆಳೆಯರೂ ಹಾಕಿಕೊಳ್ಳುವುದು. ಇಲ್ಲಿ ಎಲ್ಲರೂ ಮೊದಲು ಹೊರಗೆ ಹೋಗಿ ಪರಸ್ಪರ ಸಂಪರ್ಕ ಕಂಡುಕೊಳ್ಳುತ್ತಾರೆ. ನೇರ ದಾರಿ ಸಿಗದಿದ್ದರೆ ಮಾತು ನಡುವಿನ ಸರ್ವರ್ ಮೂಲಕ ಹೋಗುವುದರಿಂದ ಆಟ ಸ್ವಲ್ಪ ತಡವರಿಸಬಹುದು. ಗುರುತಿರುವವರನ್ನು ಮಾತ್ರ ಇದರೊಳಗೆ ಸೇರಿಸಿಕೊಳ್ಳಿ. ಮೂರು, ಸರ್ವರ್ ಅನ್ನೇ ಮನೆಯ ಹೊರಗೆ ಬಾಡಿಗೆಗೆ ಇಡುವುದು. ಮೈನ್‌ಕ್ರಾಫ್ಟ್‌ನವರದೇ ರಿಯಲ್ಮ್ಸ್ ಸೇವೆ ಇಂಥದ್ದು.

ಹೊಸ ಪದ್ಧತಿಯಾದ ಐಪಿವಿ6ರಲ್ಲಿ ವಿಳಾಸಗಳ ಕೊರತೆ ಇಲ್ಲ, ಅದರ ಬಳಕೆಯಲ್ಲಿ ಭಾರತ ಮುಂಚೂಣಿಯಲ್ಲೇ ಇದೆ. ಆದರೆ ಅದು ಇಬ್ಬರ ಕಡೆಯೂ ಇರಬೇಕು, ಹೊರಗಿನಿಂದ ಬರುವ ಬೇಡಿಕೆಯನ್ನು ರೂಟರ್ ಮತ್ತು ಕಂಪನಿ ಒಳಗೆ ಬಿಡಬೇಕು. ಹಾಗಾಗಿ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಒಟ್ಟಿನಲ್ಲಿ, "ಪೋರ್ಟ್ ತೆರೆದರೆ ಸಾಕು" ಎಂಬ ಸಲಹೆ ಸ್ವಂತ ಸಾರ್ವಜನಿಕ ವಿಳಾಸ ಇರುವವರಿಗೆ ನಿಜ, ಉಳಿದವರಿಗೆ ಅಲ್ಲ. ಆ ಸಂದೇಶ ಮತ್ತೆ ಗುಂಪಿಗೆ ಬಂದರೆ ಒಂದೇ ಪ್ರಶ್ನೆ ಕೇಳಿ: "ಎರಡೂ ಸಂಖ್ಯೆ ಒಂದೇ ಇದೆಯಾ?"