ವೇಳಾಪಟ್ಟಿಯಲ್ಲಿ ಫೋನಿಗೂ ಒಂದು ಸಾಲು

ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಬಾಡಿಗೆ ಕೋಣೆಗೆ ಕಾಲಿಟ್ಟರೆ ಗೋಡೆಯ ಮೇಲೆ ವೇಳಾಪಟ್ಟಿಯೊಂದು ಕಾಣದೇ ಇರದು. ಬೆಳಿಗ್ಗೆ ಸಂವಿಧಾನ, ಆಮೇಲೆ ಇತಿಹಾಸ, ಮಧ್ಯಾಹ್ನ ಭೂಗೋಳ, ಸಂಜೆ ಮಾನಸಿಕ ಸಾಮರ್ಥ್ಯ, ರಾತ್ರಿ ಪ್ರಚಲಿತ ವಿದ್ಯಮಾನ. ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದ ಆ ಹಾಳೆಯಲ್ಲಿ ಊಟಕ್ಕೆ, ನಿದ್ದೆಗೆ, ಕೆಲವೊಮ್ಮೆ ಬಟ್ಟೆ ಒಗೆಯುವುದಕ್ಕೂ ಜಾಗವಿರುತ್ತದೆ. ದಿನದಲ್ಲಿ ಎರಡು ಮೂರು ತಾಸು ನುಂಗುವ ಫೋನಿಗೆ ಮಾತ್ರ ಅದರಲ್ಲಿ ಒಂದು ಸಾಲೂ ಇರುವುದಿಲ್ಲ. ಜಾಗ ಕೊಡದ ಅತಿಥಿ ಎಲ್ಲರ ಜಾಗದಲ್ಲೂ ಕೂರುತ್ತಾನೆ. ಸಂವಿಧಾನದ ಹೊತ್ತಿನಲ್ಲೂ ಫೋನು, ಭೂಗೋಳದ ಹೊತ್ತಿನಲ್ಲೂ ಫೋನು.

ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ, ‘ಫೋನ್ ಬಿಟ್ಟುಬಿಡು’ ಎಂಬುದು. ಇಂದಿನ ಅಭ್ಯರ್ಥಿಗೆ ಅದು ಆಗುವ ಮಾತಲ್ಲ. ನೋಟ್ಸಿನ ಪಿಡಿಎಫ್ ಬರುವುದು ಟೆಲಿಗ್ರಾಂ ಗುಂಪಿನಲ್ಲಿ, ತರಗತಿ ಇರುವುದು ಯೂಟ್ಯೂಬಿನಲ್ಲಿ, ಅರ್ಜಿ ತುಂಬಲು ಒಟಿಪಿ ಬೇಕು, ಊರಿಂದ ಅವ್ವನ ಕರೆ ಬರಬೇಕು. ಸಾಲದ್ದಕ್ಕೆ ‘ನೋಟಿಫಿಕೇಶನ್’ ಎಂಬ ಮಾತಿಗೇ ಇವರಲ್ಲಿ ಎರಡು ಅರ್ಥ. ಒಂದು ಫೋನಿನ ಟಿಣ್ ಸದ್ದು, ಇನ್ನೊಂದು ಹುದ್ದೆಗಳ ಅಧಿಸೂಚನೆ. 384 ಹುದ್ದೆಗಳ ಕೆಎಎಸ್ ನೇಮಕಾತಿಯ ಪೂರ್ವಭಾವಿ ಪರೀಕ್ಷೆ ಹಲವು ಬಾರಿ ಮುಂದೂಡಿಕೆಯಾಗಿ 2024ರ ಆಗಸ್ಟ್ 27ರಂದು ನಡೆಯಿತು. ಕನ್ನಡ ಅನುವಾದದ ತಪ್ಪುಗಳ ಗದ್ದಲದ ನಂತರ ಡಿಸೆಂಬರ್ 29ರಂದು ಮತ್ತೆ ನಡೆಯಿತು. ಅಂಥ ತಿಂಗಳುಗಳಲ್ಲಿ ‘ಡೇಟ್ ಬಂತಾ?’ ಎಂದು ಗಳಿಗೆಗೊಮ್ಮೆ ಫೋನ್ ನೋಡಿದವರನ್ನು ಸೋಮಾರಿಗಳೆಂದು ಬೈಯುವುದು ಅನ್ಯಾಯ. ಆದರೆ ಆಯೋಗದ ಜಾಲತಾಣವನ್ನು ದಿನಕ್ಕೊಮ್ಮೆ ನೋಡಿದ್ದರೂ ಅವರಿಗೆ ಅಷ್ಟೇ ಸುದ್ದಿ ಸಿಗುತ್ತಿತ್ತು.

ಹಾಗಾದರೆ ಫೋನನ್ನು ಓಡಿಸುವುದಕ್ಕಿಂತ ಅದಕ್ಕೆ ಹೊತ್ತು ಮತ್ತು ಜಾಗ ಗೊತ್ತುಮಾಡುವುದೇ ನಡೆಯುವ ದಾರಿ. ಇದಕ್ಕೆ ಸಂಶೋಧನೆಯ ಆಧಾರವೂ ಇದೆ. ಅಮೆರಿಕದ ಮನಃಶಾಸ್ತ್ರಜ್ಞ ಲ್ಯಾರಿ ರೋಸೆನ್ ಮತ್ತು ಸಂಗಡಿಗರು ಓದುತ್ತಿದ್ದ 263 ವಿದ್ಯಾರ್ಥಿಗಳನ್ನು ಹದಿನೈದು ನಿಮಿಷ ಗಮನಿಸಿ 2013ರಲ್ಲಿ ವರದಿ ಮಾಡಿದರು. ಸರಾಸರಿ ಆರು ನಿಮಿಷವೂ ಆಗುವ ಮುನ್ನ ಓದುವವರ ಗಮನ ಬೇರೆಡೆಗೆ ಹೊರಳುತ್ತಿತ್ತು. 2019ರ ಇನ್ನೊಂದು ಪ್ರಯೋಗದಲ್ಲಿ ಕೆಲವರಿಗೆ ಫೋನಿನ ಸೂಚನೆಗಳನ್ನು ದಿನಕ್ಕೆ ಮೂರು ಬಾರಿ ಕಂತಾಗಿ ಕೊಡಲಾಯಿತು, ಕೆಲವರಿಗೆ ಪೂರ್ತಿ ನಿಲ್ಲಿಸಲಾಯಿತು. ಮೂರು ಕಂತಿನವರು ಹೆಚ್ಚು ಗಮನವಿಟ್ಟು ನೆಮ್ಮದಿಯಿಂದಿದ್ದರು. ಪೂರ್ತಿ ನಿಲ್ಲಿಸಿದವರಿಗೆ ಆ ಲಾಭವಾಗಲಿಲ್ಲ, ಏನೋ ತಪ್ಪಿಹೋಗುತ್ತಿದೆ ಎಂಬ ಕಳವಳ ಮಾತ್ರ ಹೆಚ್ಚಿತು. ‘ಇಂದಿನಿಂದ ಫೋನ್ ಮುಟ್ಟುವುದಿಲ್ಲ’ ಎಂಬ ಶಪಥ ಮೂರನೇ ದಿನಕ್ಕೆ ಮುರಿಯುವುದೇಕೆ ಎಂಬುದಕ್ಕೆ ಇಲ್ಲೊಂದು ಸುಳಿವಿದೆ.

ಸಪ್ತಾಪುರದ ಕೋಣೆಯಲ್ಲಿ ಇನ್ನಿಬ್ಬರೊಡನೆ ಇರುವ, ಪೂರ್ವಭಾವಿ ಪರೀಕ್ಷೆಗೆ ಓದುತ್ತಿರುವ ಒಬ್ಬ ಹುಡುಗನನ್ನು ಕಲ್ಪಿಸಿಕೊಂಡು ಲೆಕ್ಕ ಹಾಕಬಹುದು.

ಆತ ವೇಳಾಪಟ್ಟಿಯನ್ನು ವಿಷಯದಿಂದ ಶುರುಮಾಡಬಾರದು, ಪರೀಕ್ಷೆಯ ಗಡಿಯಾರದಿಂದ ಶುರುಮಾಡಬೇಕು. ಕೆಎಎಸ್ ಪೂರ್ವಭಾವಿಯಲ್ಲಿ ಬೆಳಿಗ್ಗೆ 10ರಿಂದ 12, ಮಧ್ಯಾಹ್ನ 2ರಿಂದ 4, ಹೀಗೆ ಎರಡೆರಡು ತಾಸಿನ ಎರಡು ಪತ್ರಿಕೆ. ಒಂದೊಂದರಲ್ಲೂ ನೂರು ಪ್ರಶ್ನೆ. ಆ ನಾಲ್ಕು ತಾಸು ಫೋನಿಲ್ಲದೆ ಕೂರಲೇಬೇಕಾದವನು ಇಂದೇ ಅದೇ ಹೊತ್ತಿಗೆ ಫೋನಿಲ್ಲದೆ ಕೂರುವುದು ಒಳ್ಳೆಯದು. ಇವೆರಡು ಅವನ ಗಟ್ಟಿ ಹೊತ್ತು. ಬೆಳಿಗ್ಗೆ 6ರಿಂದ 7.30 ಮೂರನೆಯದು. ಮೊದಲ ವಾರವೇ ಎರಡು ತಾಸು ಒಂದೇ ಸಮನೆ ಕೂರಲಾಗದು. 25 ನಿಮಿಷ ಓದು, 5 ನಿಮಿಷ ಬಿಡುವು ಎಂಬಲ್ಲಿಂದ ಆರಂಭಿಸಿ, ಎರಡನೇ ವಾರ 40ಕ್ಕೆ, ನಾಲ್ಕನೇ ವಾರದ ಹೊತ್ತಿಗೆ 55ಕ್ಕೆ ಏರಿಸಿಕೊಂಡರೆ ಸಾಕು.

ಇನ್ನು ಫೋನಿನ ಹೊತ್ತು. ಇಲ್ಲೇ ಹೆಚ್ಚಿನವರು ಎಡವುವುದು. ಓದಿನ ನಡುವಿನ ಐದು ನಿಮಿಷದ ಬಿಡುವನ್ನೇ ಫೋನಿಗೆ ಕೊಟ್ಟರೆ ಅದು ಅರ್ಧ ತಾಸಾಗುತ್ತದೆ. ರೀಲ್ಸಿಗೆ ಕೊನೆಯ ಪುಟ ಎಂಬುದಿಲ್ಲ. ಫೋನ್ ಕೆಳಗಿಟ್ಟ ಮೇಲೂ ಅದರಲ್ಲಿ ಓದಿದ ಜಗಳ ತಲೆಯಲ್ಲಿ ಉಳಿದಿರುತ್ತದೆ. ಅರ್ಧಕ್ಕೆ ಬಿಟ್ಟ ಕೆಲಸದ ಎಳೆ ಮುಂದಿನ ಕೆಲಸಕ್ಕೂ ತೊಡರಿಕೊಳ್ಳುವುದನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ಆದ್ದರಿಂದ ಫೋನಿನ ಹೊತ್ತನ್ನು ಓದಿನ ಮುಂಚೆ ಇಡಬಾರದು, ಅದನ್ನು ತಾನಾಗಿ ಮುಗಿಸುವ ಇನ್ನೊಂದು ಕೆಲಸದ ಮುಂಚೆ ಇಡಬೇಕು. ನಮ್ಮ ಹುಡುಗನಿಗೆ ಆ ಕೆಲಸ ಖಾನಾವಳಿ. ಮಧ್ಯಾಹ್ನ 12.15ಕ್ಕೆ ಫೋನ್ ಹಿಡಿದರೆ 12.45ಕ್ಕೆ ಕೋಣೆಯ ಗೆಳೆಯರು ‘ಊಟಕ್ಕೆ ನಡಿಯೋ, ರೊಟ್ಟಿ ಆರತಾವ’ ಎಂದು ಎಬ್ಬಿಸುತ್ತಾರೆ. ಬೆಳಿಗ್ಗೆ 7.30ರದ್ದು ಸ್ನಾನದ ಸರದಿ ಬಂದಾಗ ಮುಗಿಯುತ್ತದೆ. ರಾತ್ರಿ 8ರದ್ದು ಮತ್ತೆ ಊಟಕ್ಕೆ. ಮೂರು ಕಂತು, ಮೂರಕ್ಕೂ ಹೊರಗಿನಿಂದ ಬರುವ ಕೊನೆ. ಓದಿನ ನಡುವಿನ ಸಣ್ಣ ಬಿಡುವು ನೀರಿಗೆ, ಕಿಟಕಿಗೆ, ಮೆಟ್ಟಿಲಿಗೆ.

ಮನಸ್ಸು ಮಾತ್ರ ಕಂತನ್ನು ಕಾಯುವುದಿಲ್ಲ. ಹತ್ತೂ ಕಾಲಿಗೆ ‘73ನೇ ತಿದ್ದುಪಡಿ ಜಾರಿಗೆ ಬಂದದ್ದು ಯಾವಾಗ?’ ಎಂದು ಕೇಳುತ್ತದೆ, ಹತ್ತೂವರೆಗೆ ‘ರೀಚಾರ್ಜ್ ಮುಗಿಯಿತಲ್ಲ’ ಎಂದು ನೆನಪಿಸುತ್ತದೆ. ಮೊದಲನೆಯದು ಓದಿನ ವೇಷದಲ್ಲಿ ಬರುವುದರಿಂದ ಹೆಚ್ಚು ಅಪಾಯಕಾರಿ. ಏಪ್ರಿಲ್ 24, 1993 ಎಂಬ ಉತ್ತರ ಹತ್ತು ಸೆಕೆಂಡಿನಲ್ಲಿ ಸಿಗುತ್ತದೆ, ಆದರೆ ಅದನ್ನು ಹುಡುಕಲು ಹೋದವನು ವಾಟ್ಸಾಪ್ ದಾಟಿಕೊಂಡು ವಾಪಸು ಬರಬೇಕು. ಅದಕ್ಕೊಂದು ಚೀಟಿ ಬೇಕು. ಮೇಜಿನ ಬಲಬದಿಗೆ ಒಂದು ಕಾಗದ. ಫೋನಿನಲ್ಲಿ ನೋಡಬೇಕೆನಿಸಿದ್ದೆಲ್ಲ ಅದರಲ್ಲಿ ಒಂದು ಸಾಲು. 12.15ಕ್ಕೆ ಫೋನ್ ಕೈಗೆ ಬಂದಾಗ ಮೊದಲು ಚೀಟಿ, ಆಮೇಲೆ ಉಳಿದದ್ದು. ಅಷ್ಟು ಹೊತ್ತಿಗೆ ಕೆಲವು ಸಾಲುಗಳಿಗೆ ಪುಸ್ತಕದಲ್ಲೇ ಉತ್ತರ ಸಿಕ್ಕಿರುತ್ತದೆ, ಕೆಲವನ್ನು ಏಕೆ ಬರೆದೆನೆಂದೇ ತಿಳಿಯುವುದಿಲ್ಲ.

ಜಾಗದ ವಿಷಯಕ್ಕೆ ಬಂದರೆ, ಕೋಣೆಯಲ್ಲಿ ಫೋನ್ ಎಲ್ಲಿರುತ್ತದೆ ಎಂಬುದನ್ನು ತೀರ್ಮಾನಿಸುವುದು ಚಾರ್ಜರ್. ಹಾಸಿಗೆಯ ತಲೆದೆಸೆಗೆ ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದುಕೊಂಡವನ ಫೋನ್ ದಿಂಬಿನ ಪಕ್ಕದಲ್ಲೇ ಮಲಗುತ್ತದೆ, ಏಳುವಾಗಲೂ ಅಲ್ಲೇ ಇರುತ್ತದೆ. ಚಾರ್ಜರನ್ನು ಬಾಗಿಲ ಬಳಿಯ ಪ್ಲಗ್ಗಿಗೆ ಸಾಗಿಸಿ, ಎಬ್ಬಿಸುವ ಕೆಲಸವನ್ನು ಟೇಬಲ್ ಅಲಾರಂ ಗಡಿಯಾರಕ್ಕೆ ವಹಿಸಿದರೆ ಬೆಳಗಿನ ಆರು ಗಂಟೆಯ ಹೊತ್ತು ಉಳಿಯುತ್ತದೆ. ಓದಿನ ಹೊತ್ತು ಅಳೆಯುವುದೂ ಅದೇ ಗಡಿಯಾರ. ಫೋನಿನ ಟೈಮರ್ ಇಟ್ಟವನು ಹೊತ್ತಾಯಿತೇ ಎಂದು ನೋಡಲು ಫೋನನ್ನೇ ಎತ್ತಬೇಕಾಗುತ್ತದೆ.

ರೀಡಿಂಗ್ ರೂಮಿನಲ್ಲೂ ಇದೇ ಲೆಕ್ಕ. ಅಲ್ಲಿ ಎಲ್ಲರೂ ಮುಗಿಬೀಳುವುದು ಪ್ಲಗ್ ಪಾಯಿಂಟ್ ಇರುವ ಕ್ಯಾಬಿನ್ನಿಗೆ. ನಮ್ಮ ಹುಡುಗ ಬೇಕೆಂದೇ ಅದಿಲ್ಲದ ಸೀಟು ಹಿಡಿಯಬೇಕು, ಬಾಗಿಲಿಗೆ ಬೆನ್ನು ಮಾಡಿ ಕೂರಬೇಕು. ಫೋನನ್ನು ಸೈಲೆಂಟಿಗಿಟ್ಟು ಮಗುಚಿ ಹಾಕಿದರೆ ಸಾಲದೇ ಎಂಬ ಪ್ರಶ್ನೆಗೆ ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ತಂಡ 2017ರಲ್ಲಿ ಉತ್ತರ ಹುಡುಕಿತ್ತು. ಫೋನನ್ನು ಪಕ್ಕದ ಕೋಣೆಯಲ್ಲಿಟ್ಟವರು ಮೇಜಿನ ಮೇಲಿಟ್ಟವರಿಗಿಂತ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದರು, ಜೇಬು ಅಥವಾ ಚೀಲದಲ್ಲಿಟ್ಟವರು ನಡುವೆ ಉಳಿದರು. ಮುಂದೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಈ ವ್ಯತ್ಯಾಸ ಎಲ್ಲ ಕಡೆ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಕಣ್ಣಿಗೆ ಬೀಳುವ ಫೋನು ಬುದ್ಧಿಯನ್ನೇ ಕುಗ್ಗಿಸುತ್ತದೆ ಎಂದು ಖಚಿತವಾಗಿ ಹೇಳಲಾಗದು. ಎದ್ದು ಹತ್ತು ಹೆಜ್ಜೆ ನಡೆದು ತರಬೇಕಾದ ಫೋನನ್ನು ಕೈ ತಾನಾಗಿ ಎತ್ತಿಕೊಳ್ಳುವುದಿಲ್ಲ ಎಂಬುದಕ್ಕೆ ಪ್ರಯೋಗ ಬೇಕಿಲ್ಲ.

ಹೋಗಲಿ, ಮನೆಯಿಂದ ತುರ್ತು ಕರೆ ಬಂದರೆ? ಈ ಒಂದು ಭಯವೇ ಫೋನನ್ನು ಮೇಜಿನ ಮೇಲೆ ಉಳಿಸುವುದು. ಆಂಡ್ರಾಯ್ಡ್ ಫೋನಿನ ‘ಡು ನಾಟ್ ಡಿಸ್ಟರ್ಬ್’ ಸೆಟ್ಟಿಂಗಿನಲ್ಲಿ, ಒಬ್ಬರೇ ಹದಿನೈದು ನಿಮಿಷದೊಳಗೆ ಎರಡನೇ ಬಾರಿ ಕರೆ ಮಾಡಿದರೆ ಮಾತ್ರ ರಿಂಗಾಗುವಂತೆ ಮಾಡಬಹುದು. ‘ಅವ್ವಾ, ಅವಸರ ಇದ್ದರ ಬೆನ್ನಿಗೇ ಇನ್ನೊಮ್ಮೆ ಮಾಡು, ಇಲ್ಲಾಂದ್ರ ಊಟದ ಹೊತ್ತಿಗೆ ನಾನೇ ಮಾಡತೀನಿ’ ಎಂದು ಹೇಳಿಟ್ಟರೆ ಆಯಿತು. ಕೋಣೆಯಲ್ಲಿ ಓದುವಾಗ ಬಾಗಿಲ ಬಳಿಯಿಂದ ಆ ಸದ್ದು ಕೇಳುತ್ತದೆ. ರೀಡಿಂಗ್ ರೂಮಿನಲ್ಲಾದರೆ ಫೋನು ಕೌಂಟರಿನಲ್ಲಿರಬೇಕು, ಅಲ್ಲಿ ಕೂತವರಿಗೆ ಒಂದು ಮಾತು ಹೇಳಿರಬೇಕು.

ಹೆಚ್ಚು ತೊಡಕಿನದು ಪಿಡಿಎಫ್. ಪುಸ್ತಕವೇ ಫೋನಿನೊಳಗಿದ್ದರೆ ಫೋನನ್ನು ದೂರ ಇಡುವುದು ಹೇಗೆ? ಸಂಜೆ 5ರಿಂದ 6.30ರ ಹೊತ್ತನ್ನು ಇದಕ್ಕೆಂದೇ ಬಿಡಬೇಕು. ವಿಡಿಯೊ ತರಗತಿ, ಪಿಡಿಎಫ್, ಆನ್‌ಲೈನ್ ಟೆಸ್ಟ್ ಎಲ್ಲ ಆಗಲೇ, ಓದುವ ಮೇಜು ಬಿಟ್ಟು ಬೇರೆ ಮೂಲೆಯಲ್ಲಿ, ಕೈಯಲ್ಲಿ ನೋಟ್‌ಬುಕ್ ಹಿಡಿದು. ವಾರಕ್ಕೆ ಬೇಕಾದ ಪುಟಗಳನ್ನು ಭಾನುವಾರ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡರೆ ಗಟ್ಟಿ ಹೊತ್ತಿಗೆ ಕಾಗದ ಸಿಗುತ್ತದೆ. ಮುನ್ನೂರು ಪುಟದ ಪಿಡಿಎಫ್‌ನಲ್ಲಿ ನಿಜಕ್ಕೂ ಓದುವ ಪುಟ ಎಷ್ಟೆಂಬುದು, ಪುಟಕ್ಕಿಷ್ಟು ಎಂದು ದುಡ್ಡು ಎಣಿಸುವಾಗ ತಟ್ಟನೆ ಹೊಳೆಯುತ್ತದೆ. ದಿನಪತ್ರಿಕೆಯನ್ನಂತೂ ಗ್ರಂಥಾಲಯದಲ್ಲಿ ಕಾಗದದ ಮೇಲೇ ಓದಬಹುದು, ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ.

ಇದೆಲ್ಲ ನಡೆಯುತ್ತಿದೆಯೋ ಇಲ್ಲವೋ ತಿಳಿಯಲು ಎರಡು ಲೆಕ್ಕ ಸಾಕು. ಒಂದು, ಫೋನ್ ಬೇಕೆನಿಸಿದಾಗಲೆಲ್ಲ ಚೀಟಿಯ ಅಂಚಿನಲ್ಲಿ ಎಳೆಯುವ ಗೀಟು. ಮೊದಲ ದಿನ ಎರಡು ತಾಸಿಗೆ ಇಪ್ಪತ್ತು ಗೀಟು ಬಿದ್ದರೂ ಗಾಬರಿ ಬೇಡ, ಅದು ಆಸೆಯ ಎಣಿಕೆ, ತಪ್ಪಿನದಲ್ಲ. ಇನ್ನೊಂದು, ಫೋನಿನ ‘ಡಿಜಿಟಲ್ ವೆಲ್‌ಬೀಯಿಂಗ್’ ತೋರಿಸುವ ಅನ್‌ಲಾಕ್ ಸಂಖ್ಯೆ. ಸ್ಕ್ರೀನ್ ಟೈಮ್ ನೋಡಿದರೆ ಸಂಜೆಯ ವಿಡಿಯೊ ತರಗತಿಯೂ ಸೇರಿ ಮೋಸವಾಗುತ್ತದೆ. ಎಷ್ಟು ಸಲ ತೆರೆದೆ ಎಂಬುದೇ ಸರಿಯಾದ ಅಳತೆ. ಗೀಟು ಇಳಿದು ಅನ್‌ಲಾಕ್ ಇಳಿಯದಿದ್ದರೆ ಬರೆಯದೆ ಎದ್ದುಹೋಗಿ ನೋಡುತ್ತಿದ್ದಾನೆ ಎಂದರ್ಥ. ಗೀಟೂ ಇಳಿಯದೆ ಒಂದೇ ವಿಷಯದ ಹೊತ್ತಿನಲ್ಲಿ ಗುಂಪುಗೂಡಿದ್ದರೆ ದೋಷ ಫೋನಿನದಾಗಿರಲಿಕ್ಕಿಲ್ಲ. ಮಧ್ಯಾಹ್ನ 2ರ ಹೊತ್ತಿನಲ್ಲಿ, ರೊಟ್ಟಿ ಊಟದ ತೂಕಡಿಕೆಯಲ್ಲಿ ಆರ್ಥಿಕ ಸಮೀಕ್ಷೆ ಓದಲು ಕೂತವನು ಫೋನಿಲ್ಲದಿದ್ದರೆ ಗೋಡೆಯ ಹಲ್ಲಿಯನ್ನಾದರೂ ನೋಡುತ್ತಾನೆ. ಆ ಹೊತ್ತಿಗೆ ಓದು ತೆಗೆದು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವ ಕೆಲಸ ಹಾಕಬೇಕು. ಭಾನುವಾರ ಸಂಜೆ ಪ್ರಿಂಟ್ ಹಾಕಿಸಲು ಹೋಗುವ ಮುಂಚೆ ಏಳು ದಿನದ ಚೀಟಿಗಳನ್ನು ಸಾಲಾಗಿ ಹರಡಿ ನೋಡಿದರೆ, ಗೋಡೆಯ ಹಾಳೆಯಲ್ಲಿ ಅಳಿಸಿ ಬರೆಯಬೇಕಾದ ಸಾಲು ಯಾವುದೆಂದು ಕಣ್ಣಿಗೇ ಕಾಣುತ್ತದೆ.